ಬೀಗರಾದ ಮೇಲೆ ‘ಲೇ’ ಅನ್ನುವಂತಿಲ್ಲ

ಕಲಬುರಗಿಯಲ್ಲಿ ನಾವು ಓದುವಾಗ ಹಾಸ್ಟೆಲಿನ ಅಂಗಳದಲ್ಲಿ ನಿಂತು ‘ಶರಣಪ್ಪಾ’ ಎಂದು ಕೂಗಿದರೆ ನಾಲ್ಕು ಕಿಟಕಿ ತೆರೆಯುತ್ತಿದ್ದವು. ‘ಮಲ್ಲಿಕಾರ್ಜುನ’ ಎಂದರೆ ಐದು. ಹೀಗಾಗಿ ಅಪ್ಪ ಅವ್ವ ಇಟ್ಟ ಹೆಸರುಗಳನ್ನು ಹಾಜರಿ ಪುಸ್ತಕಕ್ಕೆ ಬಿಟ್ಟುಕೊಟ್ಟು ನಾವು ಒಬ್ಬರನ್ನೊಬ್ಬರು ತಾಲ್ಲೂಕಿನ ಹೆಸರಿನಿಂದ ಕರೆಯತೊಡಗಿದೆವು. ನಮ್ಮ ಕೋಣೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ, ಹೀಗೆ ಮೂರು ತಾಲ್ಲೂಕುಗಳಿದ್ದವು. ಜೇವರ್ಗಿ ಎಂದರೆ ನಾನು. ಮೂವರೂ ನೌಕರಿ ಮುಗಿಸಿ ಪಿಂಚಣಿ ಎಣಿಸುವ ಈ ಕಾಲದಲ್ಲೂ ಫೋನಿನಲ್ಲಿ ನನಗೆ ಬರುವ ಮೊದಲ ಮಾತು ‘ಏನ್ಲೇ ಜೇವರ್ಗಿ, ಮಳಿ ಆತೇನು?’ ಎಂದೇ. ಕೇಳಿದವರಿಗೆ ಹವಾಮಾನ ಇಲಾಖೆಯವರು ತಾಲ್ಲೂಕಿನ ಜೊತೆ ನೇರವಾಗಿ ಮಾತಾಡುತ್ತಿದ್ದಾರೆ ಅನ್ನಿಸಬೇಕು.

ಈ ‘ಲೇ’ ಬಗ್ಗೆ ಒಂದು ಮಾತು ಹೇಳಬೇಕು. ಮೈಸೂರು ಸೀಮೆಯವರಿಗೆ ಇದು ಗಂಡ ಹೆಂಡತಿಯನ್ನು ಕರೆಯುವ ಶಬ್ದ, ಇಲ್ಲವೇ ಜಗಳಕ್ಕೆ ಮೊದಲು ತೋಳು ಮಡಚುವಾಗಿನ ಶಬ್ದ. ನಮ್ಮಲ್ಲಿ ಅದು ದೋಸ್ತಿಯ ರಸೀದಿ. ಗಂಡಸಿಗೆ ಗಂಡಸು ‘ಲೇ’ ಅನ್ನಬೇಕಾದರೆ ಇಬ್ಬರೂ ಒಂದೇ ತಾಟಿನಲ್ಲಿ ಉಂಡಿರಬೇಕು, ಇಲ್ಲವೇ ಒಂದೇ ಬೆಂಚಿನ ಮೇಲೆ ನಿಂತಿರಬೇಕು. ಇದಕ್ಕೆ ಎದುರು ನಿಲ್ಲುವುದು ‘ರೀ’. ಬಾ, ಬರ್ರಿ, ಕೂಡು, ಕೂಡ್ರಿ, ಉಣ್ಣು, ಉಣ್ರಿ. ಬಸ್ಸಿನ ಕಂಡಕ್ಟರಿಗೂ ‘ರೀ’, ಮಠದ ಸ್ವಾಮಿಗಳಿಗೂ ‘ರೀ’, ಮೊದಲ ಸಲ ಕಂಡ ಯಾರಿಗೇ ಆದರೂ ‘ರೀ’. ಆದರೆ ಅವ್ವನಿಗೆ ನೀ, ಮುತ್ಯಾನಿಗೆ ನೀ, ದೇವರಿಗೂ ನೀ. ಗಾಣಗಾಪುರದ ದತ್ತನ ಮುಂದೆ ನಿಂತವರಾಗಲಿ, ಘತ್ತರಗಿ ಭಾಗ್ಯವಂತಿಯ ಮುಂದೆ ನಿಂತವರಾಗಲಿ, ಯಾರೂ ‘ತಾವು ಕಾಪಾಡಬೇಕು’ ಎಂದು ಅರ್ಜಿ ಓದುವುದಿಲ್ಲ. ಕರೆಯುವ ಮಾತಿನಲ್ಲೇ ಸ್ವರ್ಗ ನರಕಗಳನ್ನು ತೋರಿಸಿಕೊಟ್ಟ ಬಸವಣ್ಣ ಸಹ ತನ್ನ ಕೂಡಲಸಂಗಮದೇವನನ್ನು ಮಾತಾಡಿಸಿದ್ದು ಏಕವಚನದಲ್ಲೇ.

ಇದೆಲ್ಲ ನಮಗೆ ಗೊತ್ತಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಸಿದವಳು ಆಳಂದನ ಮಗಳು. ಅವಳು ಪಿಎಚ್‌.ಡಿ. ಮಾಡಲು ಫ್ರಾನ್ಸಿನ ತುಲೂಜ್ ಊರಿಗೆ ಹೋದಳು. ಹೋದ ಹೊಸದರಲ್ಲಿ ನನಗೆ ಫೋನ್ ಮಾಡಿ ಥಂಡಿಯ ಬಗ್ಗೆ ಹೇಳಲಿಲ್ಲ, ಊಟದ ಬಗ್ಗೆಯೂ ಹೇಳಲಿಲ್ಲ. ‘ಕಾಕಾ, ಇಲ್ಲಿ ಯಾರಿಗಿ ನೀ ಅನ್ನಬೇಕು, ಯಾರಿಗಿ ನೀವು ಅನ್ನಬೇಕು ಅನ್ನೋದ್ರಾಗೇ ತಲಿ ಕೆಟ್ಟು ಹೋಗ್ಯಾದ್ರಿ’ ಅಂದಳು. ಫ್ರೆಂಚರಲ್ಲಿ ನೀನು ಎನ್ನಲು ‘ತ್ಯು’, ನೀವು ಎನ್ನಲು ‘ವೂ’. ಇಷ್ಟೇ ಆಗಿದ್ದರೆ ನಮ್ಮ ಹುಡುಗಿಗೆ ಏನು ಕಷ್ಟ? ಹುಟ್ಟಿದಾಗಿನಿಂದ ಮಾಡಿದ ಕೆಲಸವೇ. ಇಂಗ್ಲಿಷಿನವರಾದರೆ ಎಂದೋ ಏಕವಚನವನ್ನು ಅಟ್ಟಕ್ಕೆ ಹಾಕಿ ನಾಯಿಗೂ ರಾಣಿಗೂ ಒಂದೇ ‘ಯೂ’ ಇಟ್ಟುಕೊಂಡರು, ಅವರಿಗೆ ಕಷ್ಟ.

ಕಷ್ಟ ಇದ್ದದ್ದು ಶಬ್ದದಲ್ಲಲ್ಲ, ದಾಟುವುದರಲ್ಲಿ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮಹಡಿಯ ಮೆಟ್ಟಿಲ ಮೇಲೆ ಸಿಗುವ ಪಕ್ಕದ ಮನೆಯವರಿಗೆಲ್ಲ ‘ವೂ’. ಕಾಲೇಜಿನ ಹುಡುಗ ಹುಡುಗಿಯರು ಮೊದಲ ದಿನದಿಂದಲೇ ‘ತ್ಯು’. ಇವೆರಡರ ನಡುವೆ ಇರುವವರದೇ ಪೇಚು: ವರ್ಷದಿಂದ ಪರಿಚಯ, ಜೊತೆಗೆ ಊಟವೂ ಆಗಿದೆ, ಆದರೆ ಇನ್ನೂ ‘ವೂ’. ಅಲ್ಲಿ ಯಾರಾದರೊಬ್ಬರು ಬಾಯಿ ಬಿಟ್ಟು ಕೇಳುತ್ತಾರಂತೆ. ‘ಒಂ ಸ ತ್ಯುತ್ವಾ?’ ಎಂದರೆ ಇನ್ನು ಮೇಲೆ ಒಬ್ಬರಿಗೊಬ್ಬರು ನೀ ಅನ್ನೋಣವೇ ಎಂದು. ಯಾರು ಕೇಳಬೇಕು ಎನ್ನುವುದಕ್ಕೂ ಕಟ್ಟಳೆ ಇದೆ. ವಯಸ್ಸಿನಲ್ಲಿ ಹಿರಿಯರು ಕಿರಿಯರನ್ನು ಕೇಳಬಹುದು, ಮೇಲಧಿಕಾರಿ ಕೈಕೆಳಗಿನವರನ್ನು ಕೇಳಬಹುದು. ಕಿರಿಯರು ತಾವಾಗಿ ಕೇಳುವುದು ಅಧಿಕಪ್ರಸಂಗ. ಒಮ್ಮೆ ಒಪ್ಪಿದ ಮೇಲೆ ಆ ಮಾತು ಕಾಯಂ. ಮರುದಿನ ಮರೆತು ‘ವೂ’ ಅಂದರೆ ನೆನಪಿಸುತ್ತಾರೆ; ತಿಂಗಳುಗಟ್ಟಲೆ ‘ತ್ಯು’ ಅಂದು ಒಂದು ದಿನ ಬೇಕೆಂದೇ ‘ವೂ’ ಅಂದರೆ ಬಾಗಿಲು ಹಾಕಿಕೊಂಡಂತೆ.

ಇದನ್ನು ಕೇಳಿ ನಾನು ಒಂದು ಗಳಿಗೆ ಸುಮ್ಮನಾದೆ. ನಮ್ಮಲ್ಲಿ ಯಾರೂ ಯಾರನ್ನೂ ಹೀಗೆ ಕೇಳಿದ್ದಿಲ್ಲ. ‘ಇವತ್ತಿನಿಂದ ನಿಂಗ ಲೇ ಅನ್ಲ್ಯಾ?’ ಎಂದು ಅನುಮತಿ ಕೇಳಿದವನನ್ನು ಹಾಸ್ಟೆಲಿನಲ್ಲಿ ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಮೊದಲ ವಾರ ‘ಎಲ್ಲಿಗಿ ಹೊಂಟೀರಿ?’ ಅಂದವನು ಎರಡನೆಯ ವಾರ ‘ಎಲ್ಲಿಗಿ ಹೊಂಟಿ?’ ಅನ್ನುತ್ತಾನೆ, ಎದುರಿನವನು ಮುಖ ಗಂಟಿಕ್ಕದಿದ್ದರೆ ಮೂರನೆಯ ವಾರ ‘ಎಲ್ಲಿಗಿ ಹೊಂಟೀಲೇ?’. ಒಂದು ಮೆಟ್ಟಿಲು ಇಟ್ಟು, ಮುಖ ನೋಡಿ, ಮುಂದಿನ ಮೆಟ್ಟಿಲು. ಬೇಡವಾದರೆ ಕೆಳಗಿಳಿಯಲೂ ಬರುತ್ತದೆ, ಏಕೆಂದರೆ ಯಾರೂ ಏನನ್ನೂ ಬಾಯಿಬಿಟ್ಟು ಕೇಳಿರುವುದಿಲ್ಲ. ಫ್ರೆಂಚರ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ. ಕೇಳಿದ ಮೇಲೆ ಉತ್ತರ ಬರಲೇಬೇಕು, ಅದು ಬೇಡವಾದ ಉತ್ತರವೂ ಆಗಬಹುದು. ಅವರ ಅಧ್ಯಕ್ಷರಾಗಿದ್ದ ಮಿತೆರಾಂ ಅವರ ಬಗ್ಗೆ ಒಂದು ಕಥೆ ಅಲ್ಲಿ ಬಹಳ ಚಾಲ್ತಿಯಲ್ಲಿದೆ. ಪಕ್ಷದ ಗೆಳೆಯನೊಬ್ಬ ಸಲಿಗೆಯಿಂದ ‘ನಾವು ನೀ ಅಂತ ಮಾತಾಡೋಣವೇ?’ ಎಂದು ಕೇಳಿದನಂತೆ. ಮಿತೆರಾಂ ಶಾಂತವಾಗಿ ‘ನಿಮ್ಮ ಇಷ್ಟ’ ಅಂದರಂತೆ. ನಿಮ್ಮ! ಇಂಥ ಉತ್ತರ ಕೊಡಲು ನಮ್ಮ ಕಡೆಯ ಹಳೆಯ ದೇಸಾಯರಿಗೆ ಮಾತ್ರ ಸಾಧ್ಯವಿತ್ತು.

ಹುಡುಗಿಯ ಮುಖ್ಯ ಪೇಚು ಅವಳ ಗೈಡಿನದು. ಅರವತ್ತು ಸಮೀಪಿಸಿದ ಪ್ರೊಫೆಸರ್, ಮೊದಲ ದಿನವೇ ‘ಇಲ್ಲಿ ಎಲ್ಲರೂ ತ್ಯು’ ಎಂದು ಹೇಳಿಬಿಟ್ಟರು. ಅಲ್ಲಿನ ಪ್ರಯೋಗಾಲಯಗಳಲ್ಲಿ ಇದು ಹೊಸದೇನಲ್ಲವಂತೆ. ಆದರೆ ಆಳಂದದ ಹುಡುಗಿಯ ಬಾಯಲ್ಲಿ ಗುರುವಿಗೆ ‘ನೀ’ ಬರಬೇಕಲ್ಲ! ‘ವೂ’ ಅಂದರೆ ಅವರಿಗೆ ಬೇಸರ, ‘ತ್ಯು’ ಅಂದರೆ ಇವಳಿಗೆ ಪಾಪಪ್ರಜ್ಞೆ. ಅವಳು ಮೂರನೆಯ ದಾರಿ ಹುಡುಕಿದಳು. ಫ್ರೆಂಚಿನಲ್ಲಿ ‘ಒಂ’ ಎಂಬ ಒಂದು ಸರ್ವನಾಮವಿದೆ. ಅದಕ್ಕೆ ಮುಖವಿಲ್ಲ, ನಾವು, ಯಾರೋ, ಜನ, ಎಲ್ಲವೂ ಆಗಬಲ್ಲದು. ‘ನೀವು ಈ ಲೆಕ್ಕ ನೋಡುತ್ತೀರಾ?’ ಎನ್ನುವ ಬದಲು ‘ಈ ಲೆಕ್ಕ ನೋಡೋಣವೇ?’ ಅನ್ನುತ್ತಾ ಆರು ತಿಂಗಳು ದೂಡಿದಳು.

ಇದಂತೂ ನಮಗೆ ಹೊಸದಲ್ಲ. ನಮ್ಮ ಕ್ರಿಯಾಪದದ ಬಾಲದಲ್ಲೇ ಮರ್ಯಾದೆ ಇರುವುದರಿಂದ ‘ನೀ’, ‘ನೀವು’ ಎರಡನ್ನೂ ನುಂಗಿದರೂ ‘ಬಂದಿ’, ‘ಬಂದೀರಿ’ ಗುಟ್ಟು ಬಿಟ್ಟುಕೊಡುತ್ತವೆ. ಅದಕ್ಕೆ ನಮ್ಮವರು ಬಾಲವನ್ನೇ ಕತ್ತರಿಸುತ್ತಾರೆ. ನಿನ್ನೆ ಮೊನ್ನೆಯವರೆಗೆ ಚಡ್ಡಿ ಹಾಕಿಕೊಂಡು ಓಡಾಡಿದ ಪಕ್ಕದ ಮನೆಯ ಹುಡುಗ ಪಿಎಸ್‌ಐ ಆಗಿ ಬಂದು ನಿಂತಾಗ ಅವನಿಗೆ ‘ಯಾವಾಗ ಬಂದಿ’ ಅನ್ನಲು ಧೈರ್ಯವಿಲ್ಲ, ‘ಯಾವಾಗ ಬಂದೀರಿ’ ಅನ್ನಲು ಮನಸ್ಸಿಲ್ಲ. ‘ಬಂದದ್ದು ಯಾವಾಗ?’ ಎಂದು ಕೇಳಿ ಪಾರಾಗುತ್ತಾರೆ. ‘ಊಟ ಆತ?’, ‘ಚಾ ಆತ?’, ‘ಸವಾರಿ ಯಾಕಡಿ?’ ಇವೆಲ್ಲ ಅದೇ ಕಾರ್ಖಾನೆಯ ಮಾಲು. ಯಾರಾದರೂ ನಿಮ್ಮ ಜೊತೆ ಕಾಲು ಗಂಟೆ ಇಂಥ ಬಾಲವಿಲ್ಲದ ವಾಕ್ಯಗಳಲ್ಲಿ ಮಾತಾಡಿದರೆ ತಿಳಿದುಕೊಳ್ಳಿ, ಅವರು ನಿಮ್ಮನ್ನು ಯಾವ ಮಣೆಯ ಮೇಲೆ ಕೂಡಿಸಬೇಕೆಂದು ಇನ್ನೂ ತೀರ್ಮಾನಿಸಿಲ್ಲ.

ಇಷ್ಟರಲ್ಲಿ ಅಫಜಲಪುರನ ಮಗನಿಗೂ ಆಳಂದನ ಮಗಳಿಗೂ ಮದುವೆ ನಿಶ್ಚಯವಾಯಿತು. ಹುಡುಗ ಪುಣೆಯಲ್ಲಿ ಕೆಲಸದಲ್ಲಿದ್ದ. ಇಬ್ಬರೂ ತಾವೇ ಮಾತಾಡಿಕೊಂಡಿದ್ದರು; ನಮ್ಮದೇನಿದ್ದರೂ ಹೂಂಗುಟ್ಟುವ ಕೆಲಸ. ನಾನು ಮಧ್ಯಸ್ಥ ಎಂಬ ಹೆಸರಿಗೆ ಶಾಲು ಹೊದ್ದುಕೊಂಡೆ. ನಿಶ್ಚಯ ಆಳಂದದಲ್ಲಿ.

ಅಂದು ಬೆಳಿಗ್ಗೆ ಗಂಡಿನ ಕಡೆಯ ಜೀಪು ಮನೆ ಮುಂದೆ ನಿಂತಿತು. ಆಳಂದ ಹೊಸ ಧೋತರದ ಚುಂಗು ಹಿಡಿದುಕೊಂಡು ಬಾಗಿಲಿಗೆ ಬಂದ. ಅಫಜಲಪುರ ಇಳಿದ. ನಲವತ್ತು ವರ್ಷಗಳ ಚಾಳಿ. ಆಳಂದನ ಬಾಯಿ ತಾನಾಗಿ ‘ಬಾರಲೇ’ ಎಂದು ತೆರೆಯಿತು. ಹಿಂದಿನಿಂದ ಅವನ ಹೆಂಡತಿಯ ತಮ್ಮ ಕೆಮ್ಮಿದ. ಆಗಲೇ ‘ಬಾ’ ಹೊರಬಿದ್ದಿತ್ತು. ಅದನ್ನು ವಾಪಸು ಎಳೆದುಕೊಳ್ಳಲಾಗದೆ, ಮುಂದಕ್ಕೂ ಬಿಡಲಾಗದೆ, ಆಳಂದ ‘ಬಾ… ರ್ರಿ’ ಅಂದ. ಅಂಥ ರೂಪ ಕೇಶಿರಾಜನ ವ್ಯಾಕರಣದಲ್ಲೂ ಸಿಗಲಾರದು. ಆಮೇಲೆ ಸಾವರಿಸಿಕೊಂಡು ‘ಬರ್ರಿ ಬೀಗರ, ಕಾಲಿಗಿ ನೀರು ತಗೋರಿ’ ಎಂದು ಪಾಠ ಒಪ್ಪಿಸಿದ.

ಇಲ್ಲಿಯವರೆಗೆ ಎಲ್ಲ ಸರಿ. ತಪ್ಪಿದ್ದು ಅಫಜಲಪುರನ ಉತ್ತರದಲ್ಲಿ. ಅವನಿಗೆ ಈ ನಾಟಕ ನೋಡಿ ನಗು ತಡೆಯಲಾಗಲಿಲ್ಲ. ಆಳಂದನ ಹೆಗಲ ಮೇಲೆ ಕೈ ಹಾಕಿ ‘ನೀ ಯಾವಾಗಿಂದ ಇಷ್ಟು ಶಾಣ್ಯಾ ಆದ್ಯೋ?’ ಅಂದ. ಪ್ರೀತಿಯಿಂದಲೇ ಅಂದದ್ದು. ಹಾಸ್ಟೆಲಿನಲ್ಲಾಗಿದ್ದರೆ ಇದಕ್ಕಿಂತ ಸಭ್ಯವಾದ ಮಾತೇ ಇರಲಿಲ್ಲ. ಆದರೆ ಪಡಸಾಲೆಯಲ್ಲಿ ಕೂತಿದ್ದ ಹೆಣ್ಣಿನ ಕಡೆಯವರ ಕಿವಿಗೆ ಬಿದ್ದದ್ದು ಬೇರೆ. ನಮ್ಮವರು ‘ನೀವು’ ಅಂದರು, ಅವರು ‘ನೀ’ ಅಂದರು. ಗಂಡು ಹೆತ್ತವರೆಂಬ ಸೊಕ್ಕು! ಕೆಮ್ಮಿದ ಆ ಮೈದುನ ಆಹೇರಿಯ ಟೋಪಿ ಟಾವೆಲುಗಳನ್ನು ಎಣಿಸುತ್ತಿದ್ದವನು ಎಣಿಕೆ ನಿಲ್ಲಿಸಿ, ನನ್ನನ್ನು ತೊಗರಿ ಚೀಲಗಳ ಕೋಣೆಗೆ ಕರೆದ. ‘ಸಾಹೇಬ್ರ, ಈಗೇ ಹಿಂಗಂದ್ರ ನಾಳಿ ನಮ್ಮ ಹುಡುಗಿನ ಹ್ಯಾಂಗ ನೋಡ್ಕೋತಾರ್ರಿ?’ ಎಂದು ಕೇಳಿದ. ಹೊರಗೆ ಅಫಜಲಪುರ ಏನೂ ತಿಳಿಯದೆ ಅವಲಕ್ಕಿ ಚೂಡಾ ತಿನ್ನುತ್ತಿದ್ದ.

ಆ ಕೋಣೆಯಲ್ಲಿ ನಿಂತಾಗ ನನಗೆ ಹೊಳೆದದ್ದಿಷ್ಟು. ಅಫಜಲಪುರ ತನ್ನ ಮಾತನ್ನು ಬದಲಿಸಿರಲಿಲ್ಲ. ನಲವತ್ತು ವರ್ಷದಿಂದ ಅಂದ ‘ನೀ’ಯನ್ನೇ ಅಂದಿದ್ದ. ಆದರೆ ಅತ್ತ ಕಡೆಯಿಂದ ‘ನೀವು’ ಬಂದ ಕೂಡಲೇ ಇತ್ತ ಕಡೆಯ ‘ನೀ’ಗೆ ಗೆಳೆತನದ ಅರ್ಥ ಹೋಗಿ ದರ್ಜೆಯ ಅರ್ಥ ಬಂದುಬಿಟ್ಟಿತ್ತು. ‘ನೀ’ಗೆ ‘ನೀ’ ಬಂದರೆ ದೋಸ್ತಿ, ‘ನೀವು’ಗೆ ‘ನೀವು’ ಬಂದರೆ ಮರ್ಯಾದೆ, ಒಂದಕ್ಕೆ ಇನ್ನೊಂದು ಬಂದರೆ ಅಲ್ಲಿ ಮೇಲು ಕೀಳು. ನಾನು ಕಂಡುಹಿಡಿದೆ ಎಂದು ಬೀಗುವ ಹಾಗಿಲ್ಲ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಇಬ್ಬರು ಅಮೆರಿಕದ ಪಂಡಿತರು 1960ರಲ್ಲೇ ಯುರೋಪಿನ ಭಾಷೆಗಳನ್ನು ಹಿಡಿದು ಇದನ್ನು ಬರೆದಿಟ್ಟಿದ್ದಾರೆ. ಎರಡೂ ಕಡೆಯಿಂದ ಒಂದೇ ಬಗೆಯ ಮಾತು ಹರಿದರೆ ಅದು ಸಮಾನರ ಲೆಕ್ಕ. ಒಂದು ಕಡೆಯಿಂದ ಒಂದು, ಇನ್ನೊಂದು ಕಡೆಯಿಂದ ಇನ್ನೊಂದು ಹರಿದರೆ ಅದು ಅಧಿಕಾರದ ಲೆಕ್ಕ. ಹಳೆಯ ಕಾಲದಲ್ಲಿ ಯುರೋಪಿನಲ್ಲಿ ಅಧಿಕಾರದ ಲೆಕ್ಕ ಹೆಚ್ಚಿತ್ತು, ಬರಬರುತ್ತ ಸಮಾನರ ಲೆಕ್ಕ ಗೆದ್ದಿತು ಎಂದು ಅವರ ವಾದ.

ನಮ್ಮ ಹೊಲಗಳಲ್ಲಿ ಅದು ಇನ್ನೂ ಪೂರ್ತಿ ಗೆದ್ದಿಲ್ಲ. ಎಪ್ಪತ್ತು ದಾಟಿದ ಕೂಲಿಯ ಮುದುಕನಿಗೆ ಹೊಲದೊಡೆಯನ ಹತ್ತು ವರ್ಷದ ಮಗ ‘ಏ, ಎತ್ತು ಹೊಡಕೊಂಡು ಬಾ’ ಅನ್ನುವುದನ್ನು, ಮುದುಕ ‘ಹೂಂ ರೀ ಸಣ್ಣ ಗೌಡ್ರ’ ಅನ್ನುವುದನ್ನು ನಾವು ಮೂವರೂ ಕಂಡು ಬೆಳೆದವರು. ಆ ‘ನೀ’ ಮತ್ತು ಹಾಸ್ಟೆಲಿನ ‘ನೀ’ ಕೇಳಲು ಒಂದೇ. ಉತ್ತರ ಕೇಳಿದರೆ ಮಾತ್ರ ಬೇರೆ ಬೇರೆ ಎಂದು ತಿಳಿಯುತ್ತದೆ. ಫ್ರಾನ್ಸಿನಲ್ಲೂ ಪೊಲೀಸರು ಬಡ ಬಡಾವಣೆಯ ಹುಡುಗರನ್ನು ತಡೆದು ‘ತ್ಯು’ ಅನ್ನುತ್ತಾರೆಂಬ ದೂರು ಎಷ್ಟಿತ್ತೆಂದರೆ, 2014ರಿಂದ ಜಾರಿಗೆ ಬಂದ ಪೊಲೀಸ್ ನಡವಳಿಕೆಯ ಸಂಹಿತೆಯಲ್ಲಿ ಸಾರ್ವಜನಿಕರಿಗೆ ‘ವೂ’ ಅನ್ನಬೇಕೆಂದೇ ಬರೆದರು. ಅಂಥ ಸಂಹಿತೆ ನಮ್ಮ ಕಡೆ ಬಂದರೆ ‘ಬಾರಲೇ ಮಗನ’ ಎಂಬ ವಾಕ್ಯ ಠಾಣೆಯಲ್ಲಿ ‘ಬರ್ರಿ ಮಗನ’ ಆಗಬಹುದು, ಅಷ್ಟೇ. ಮಹಾಕ್ರಾಂತಿಯ ಕಾಲದಲ್ಲಿ ಫ್ರೆಂಚರು ಇದನ್ನು ತಿರುವುಮುರುವು ಮಾಡಲು ನೋಡಿದರು. 1793ರಲ್ಲಿ, ಎಲ್ಲ ನಾಗರಿಕರೂ ಸಮಾನರಾದ ಮೇಲೆ ಎಲ್ಲರಿಗೂ ‘ತ್ಯು’ ಒಂದೇ ಇರಲಿ ಎಂದು ಅಲ್ಲಿನ ಸಭೆಗೆ ಅರ್ಜಿ ಹೋಯಿತು. ಸರ್ಕಾರಿ ಪತ್ರಗಳಲ್ಲಿ ಕೆಲಕಾಲ ನಡೆಯಿತು ಕೂಡ. ಕ್ರಾಂತಿಯ ಬಿಸಿ ಆರಿದ ಮೇಲೆ ‘ವೂ’ ತನ್ನ ಕುರ್ಚಿಗೆ ವಾಪಸು ಬಂತು. 2018ರ ಜೂನ್ 18ರಂದು ಒಂದು ಸ್ಮರಣೆಯ ಸಮಾರಂಭದಲ್ಲಿ ಶಾಲೆಯ ಹುಡುಗನೊಬ್ಬ ಅಧ್ಯಕ್ಷ ಮಾಕ್ರೋಂ ಅವರಿಗೆ ‘ಏನ್ ಮನು, ಆರಾಮಾ?’ ಎಂಬ ಧಾಟಿಯಲ್ಲಿ ಮಾತಾಡಿಸಿದಾಗ, ಅವರು ಕ್ಯಾಮೆರಾಗಳ ಎದುರೇ ಅವನಿಗೆ ‘ಅಧ್ಯಕ್ಷರೇ ಅನ್ನಬೇಕು’ ಎಂದು ಪಾಠ ಹೇಳಿದರು. ಕ್ರಾಂತಿ ಆಗಿ ಇನ್ನೂರು ವರ್ಷ ದಾಟಿತ್ತು.

ನಿಶ್ಚಯದ ದಿನ ಕ್ರಾಂತಿಗೆ ವ್ಯವಧಾನವಿರಲಿಲ್ಲ. ಅಫಜಲಪುರನನ್ನು ಹಿತ್ತಲಿಗೆ ಕರೆದೊಯ್ದು ‘ಲೇ, ಅವಂಗ ನೀವು ಅನ್ನು’ ಎಂದೆ. ‘ಅವಂಗ? ನಂಗ ನಗಿ ಬರ್ತದಲೇ’ ಅಂದ. ‘ನಗಿ ಬಂದ್ರ ಕೆಮ್ಮು, ಆದ್ರ ನೀವು ಅನ್ನು’ ಎಂದೆ. ವಾಪಸು ಪಡಸಾಲೆಗೆ ಬಂದು ಕೂತವನು ಎಲ್ಲರಿಗೂ ಕೇಳುವಂತೆ ‘ಬೀಗರ, ನೀವು ಉಂಡ್ರೇನ್ರಿ?’ ಅಂದ. ಕೆಮ್ಮು ಬಂತು. ಮೈದುನ ಟಾವೆಲು ಎಣಿಸುವುದನ್ನು ಮತ್ತೆ ಶುರು ಮಾಡಿದ.

ಮದುವೆಯಾಗುವ ಹೊತ್ತಿಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಮೂರನೆಯವರ ಎದುರು ‘ನೀವು’, ಇಬ್ಬರೇ ಇದ್ದಾಗ ‘ಲೇ’. ನನ್ನನ್ನು ಮೂರನೆಯವನೆಂದು ಎಣಿಸಬಾರದೆಂದೂ ನಿರ್ಣಯವಾಯಿತು, ತಾಲ್ಲೂಕಿಗೆ ಕಿವಿಯಿಲ್ಲ. ಫೋನಿನಲ್ಲಿ ಈ ಒಪ್ಪಂದ ಬಹಳ ಉಪಯೋಗಕ್ಕೆ ಬಂತು. ‘ಏನ್ಲೇ’ ಎಂದು ಶುರುವಾದರೆ ಅತ್ತ ಒಬ್ಬನೇ ಇದ್ದಾನೆ, ಏನು ಬೇಕಾದರೂ ಮಾತಾಡಬಹುದು. ‘ಬೀಗರ, ಹ್ಯಾಂಗಿದ್ದೀರಿ?’ ಎಂದು ಶುರುವಾದರೆ ಅತ್ತ ಸೊಸೆ, ಅಳಿಯ, ಬೀಗತಿ ಯಾರೋ ಕೂತಿದ್ದಾರೆ, ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಜಿಲೇಬಿ ತಿಂದ ಸುದ್ದಿ ಎತ್ತಬಾರದು. ಗುಪ್ತಚರರಿಗೂ ಇಷ್ಟು ಅಗ್ಗದ ಸಂಕೇತ ಸಿಕ್ಕಿರಲಿಕ್ಕಿಲ್ಲ.

ಈ ಸುದ್ದಿ ತುಲೂಜಿಗೆ ಮುಟ್ಟಿದಾಗ ಹುಡುಗಿ ನಕ್ಕಿದ್ದೇ ನಕ್ಕಿದ್ದು. ಮದುವೆ ಮುಗಿಸಿ ಅವಳು ಸಂಶೋಧನೆ ಪೂರೈಸಲು ವಾಪಸು ಹೋಗಿದ್ದಳು. ಅಲ್ಲಿ ಅವಳಿಗೆ ಕೋಣೆ ಬಾಡಿಗೆಗೆ ಕೊಟ್ಟ ಎಪ್ಪತ್ತರ ಅಜ್ಜಿ ಅದೇ ವಾರ ‘ಇನ್ನು ತ್ಯು ಅನ್ನೋಣ’ ಎಂದಿದ್ದರಂತೆ. ‘ಇಲ್ಲಿ ಮುದುಕಿ ನೀವಿನಿಂದ ನೀಗೆ ಬರ್ಲತ್ತಾಳ, ಅಲ್ಲಿ ನಮ್ಮಪ್ಪ ನೀಯಿಂದ ನೀವಿಗಿ ಹೊಂಟಾನ. ಇಬ್ಬರೂ ಪ್ರೀತಿ ಹೆಚ್ಚಾಗಿ ಹೊಂಟಾರ, ಹೌದಲ್ರಿ ಕಾಕಾ?’ ಅಂದಳು. ಆ ಅಜ್ಜಿಗೆ ಇವಳು ‘ತ್ಯು’ ಅಂದಳೋ ಇಲ್ಲವೋ ಕೇಳಿದೆ. ಇಲ್ಲವಂತೆ. ಅಜ್ಜಿ ‘ತ್ಯು’, ಇವಳು ‘ವೂ’. ‘ನಿನ್ನ ವೂ ಕೇಳಿದಾಗೆಲ್ಲ ನನ್ನ ವಯಸ್ಸು ಹತ್ತು ವರ್ಷ ಹೆಚ್ಚಾಗ್ತದ’ ಎಂದು ಅಜ್ಜಿ ಗೊಣಗುತ್ತಾಳಂತೆ. ಆಳಂದದ ಪಡಸಾಲೆಯಲ್ಲಿ ಆದದ್ದೇ ತಲೆಕೆಳಗಾಗಿ ಅಲ್ಲಿ ನಡೆದಿತ್ತು. ಇವಳು ಗೌರವ ಎಂದು ಕೊಟ್ಟದ್ದು ಅವಳಿಗೆ ದೂರ ಎಂದು ಮುಟ್ಟುತ್ತಿತ್ತು.

ಬಹುವಚನವೆಂದರೆ ಯಾವಾಗಲೂ ದೂರವೇ ಎಂದೂ ಅಲ್ಲ. ಸಾರ್ತ್ರ್ ಮತ್ತು ಸಿಮೋನ್ ದ ಬೊವಾರ್ 1929ರಲ್ಲಿ ಜೊತೆಯಾದವರು, 1980ರಲ್ಲಿ ಸಾರ್ತ್ರ್ ಸಾಯುವವರೆಗೂ ಒಬ್ಬರಿಗೊಬ್ಬರು ‘ವೂ’ ಅಂದರು. ಅಧ್ಯಕ್ಷರಾಗಿದ್ದ ಶಿರಾಕ್ ಮತ್ತು ಅವರ ಹೆಂಡತಿಯೂ ಹಾಗೆಯೇ. ಇದನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಹಂಗಾದ್ರ ಅವರಿಬ್ಬರೂ ಅಂತಿದ್ರು. ಇಲ್ಲಿ ನಾ ಒಬ್ಬಾಕಿನೇ ರೀ ಅಂತೀನಿ’ ಅಂದಳು. ಬ್ರೌನ್ ಮತ್ತು ಗಿಲ್ಮನ್ ಅವರ ಪ್ರಬಂಧವನ್ನು ನಾನು ಅವಳಿಗೆ ಹೇಳಿರಲಿಲ್ಲ. ಆ ವಿಷಯವನ್ನು ಅಲ್ಲಿಗೇ ಬಿಟ್ಟು ಎಮ್ಮೆಗೆ ನೀರು ಕುಡಿಸಲು ಹೋದೆ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಒಪ್ಪಂದ ಕೈಕೊಟ್ಟಿತು. ಫ್ರಾನ್ಸಿನಲ್ಲಿ ಪಿಎಚ್‌.ಡಿ. ಮೂರು ವರ್ಷದ್ದು ಎಂದು ಲೆಕ್ಕ. ನಾಲ್ಕನೆಯದಕ್ಕೆ ಕಾಲಿಡುವುದು ಅಲ್ಲಿ ಸಾಮಾನ್ಯ. ಹುಡುಗಿಗೂ ಆರು ತಿಂಗಳು ಬೆಳೆಯಿತು. ಅದನ್ನು ಅವಳು ಗಂಡನಿಗೆ ಹೇಳಿದಳು, ಅಪ್ಪನಿಗೆ ಹೇಳಿದಳು. ಮಾವನಿಗೆ ಅಪ್ಪ ಹೇಳುತ್ತಾನೆ ಅಂದುಕೊಂಡಳು. ಅಪ್ಪನೋ, ಅಳಿಯ ಹೇಳಿರುತ್ತಾನೆ ಅಂದುಕೊಂಡ. ಅಫಜಲಪುರನಿಗೆ ಸುದ್ದಿ ತಿಳಿದದ್ದು ಕಬ್ಬಿನ ಲಾರಿಯ ಹಿಂದೆ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ, ದೂರದ ಸಂಬಂಧಿಯೊಬ್ಬನ ಬಾಯಿಂದ.

ರಾತ್ರಿ ಆಳಂದನಿಗೆ ಫೋನ್ ಬಂತು. ‘ಬೀಗರ, ಆರಾಮ ಇದ್ದೀರೇನ್ರಿ?’ ಅತ್ತ ಯಾರೋ ಕೂತಿದ್ದಾರೆಂದು ಆಳಂದನೂ ‘ಆರಾಮ್ರಿ, ನೀವು?’ ಅಂದ. ಮಾತು ಮುಂದುವರಿಯಿತು, ತೊಗರಿಯ ದರ, ಮೊಣಕಾಲು ನೋವು. ನಡುವೆ ಆಳಂದ ದನಿ ಇಳಿಸಿ ‘ಯಾರರ ಅದಾರೇನು?’ ಎಂದು ಕೇಳಿದ. ಅತ್ತಲಿಂದ ‘ಯಾರೂ ಇಲ್ರಿ. ನಾ ಒಬ್ಬನೇ ಅದೀನ್ರಿ’ ಎಂದು ಉತ್ತರ ಬಂತು.

‘ಜೇವರ್ಗಿ, ಅವ ಒಬ್ಬನೇ ಇದ್ದು ರೀ ಅಂದಾನಲೇ’ ಎಂದು ಆಳಂದ ನನಗೆ ಫೋನ್ ಮಾಡಿದಾಗ ರಾತ್ರಿ ಹನ್ನೊಂದು ಹೊಡೆದಿತ್ತು. ‘ಬೈದಿದ್ರ ಬೈಸ್ಕೋತಿದ್ದೆ. ಅವ್ವ ಅಪ್ಪ ಅಂತ ಬೈದಿದ್ರೂ ನಡೀತಿತ್ತು. ಮೊಣಕಾಲಿಗಿ ಎಣ್ಣಿ ಹಚ್ಚಕೋರಿ ಅಂದಾನ!’ ನಲವತ್ತು ವರ್ಷದಲ್ಲಿ ಅವರಿಬ್ಬರ ನಡುವೆ ಹೊಡೆದಾಟವೂ ಆಗಿದೆ. ಎರಡು ಸಾವಿರ ರೂಪಾಯಿಯ ವಿಷಯಕ್ಕೆ ವರ್ಷ ಮಾತು ಬಿಟ್ಟದ್ದೂ ಆಗಿದೆ. ಆಗ ಯಾವಾಗಲೂ ಜಗಳ ಏಕವಚನದಲ್ಲೇ ನಡೆದಿತ್ತು. ಈ ಸಲ ಜಗಳವೇ ಇಲ್ಲ, ಬರೀ ಬಹುವಚನ. ಫ್ರೆಂಚರು ಹೇಳುವ ಬಾಗಿಲು ಇದೇ ಇರಬೇಕು. ಅವರಲ್ಲಿ ಸಿಟ್ಟಿಗೆ ಎರಡು ದಾರಿ ಎಂದು ಹುಡುಗಿ ಹೇಳಿದ್ದಳು: ಕಾರು ತಾಗಿಸಿದ ಅಪರಿಚಿತನ ಮೇಲೆ ಸಿಟ್ಟು ಬಂದರೆ ‘ವೂ’ ಬಿಟ್ಟು ‘ತ್ಯು’ಗೆ ಇಳಿಯುತ್ತಾರೆ, ಗೆಳೆಯನ ಮೇಲೆ ಬಂದರೆ ‘ತ್ಯು’ ಬಿಟ್ಟು ‘ವೂ’ಗೆ ಏರುತ್ತಾರೆ. ಅಂದರೆ ಸಿಟ್ಟು ಇರುವುದು ಯಾವುದೇ ಒಂದು ಶಬ್ದದಲ್ಲಲ್ಲ. ಇದ್ದ ಜಾಗ ಬಿಟ್ಟು ಕದಲುವುದರಲ್ಲಿ.

ಎಳ್ಳಮಾವಾಸ್ಯೆಗೆ ಇಬ್ಬರನ್ನೂ ಜೇವರ್ಗಿಗೆ, ನನ್ನ ಹೊಲಕ್ಕೆ ಕರೆದೆ. ಹಬ್ಬಕ್ಕೆ ಕರೆದರೆ ಬರುವುದಿಲ್ಲ ಅನ್ನುವಂತಿಲ್ಲ. ಬಿಳಿಜೋಳ ಮೊಳಕಾಲು ದಾಟಿ ನಿಂತಿತ್ತು, ಕಡಲೆ ಹೂ ಬಿಟ್ಟಿತ್ತು. ಹೊಲದ ಸುತ್ತ ಚರಗ ಚೆಲ್ಲಿ ಬಂದು ಬೇವಿನ ಮರದ ಕೆಳಗೆ ಕೂತೆವು. ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಅಂಬಲಿ. ಆಳಂದನ ಮೈದುನನೂ ಬಂದಿದ್ದ. ಅವನು ಎಲ್ಲಿಗಾದರೂ ಬರುತ್ತಾನೆ.

ಅಫಜಲಪುರ ಅಂದು ತೋರಿಸಿದ ಭಾಷಾಸಾಮರ್ಥ್ಯವನ್ನು ನಾನು ಮೆಚ್ಚಲೇಬೇಕು. ‘ನೀ’ ಅಂದರೆ ಸೋತಂತೆ, ‘ನೀವು’ ಅಂದರೆ ನನ್ನ ಹಬ್ಬ ಕೆಡಿಸಿದಂತೆ. ಮಧ್ಯಾಹ್ನವಿಡೀ ಅವನು ಆಳಂದನ ಜೊತೆ ಬಾಲವಿಲ್ಲದ ವಾಕ್ಯಗಳಲ್ಲಿ ಮಾತಾಡಿದ. ‘ಭಜ್ಜಿ ಬೇಕಾ?’, ‘ಅಂಬಲಿ ಆತ?’, ‘ಬರೂ ದಾರ್ಯಾಗ ತ್ರಾಸ ಆಗ್ಲಿಲ್ಲಲ?’, ‘ವಾಪಸು ಹೋಗೂದು ಇವತ್ತೇನಾ?’ ಒಂದು ಕಡೆಯಾದರೂ ಕ್ರಿಯಾಪದ ಮುಖ ತೋರಿಸಲಿಲ್ಲ. ತುಲೂಜಿನ ಹುಡುಗಿ ಆರು ತಿಂಗಳು ಅಭ್ಯಾಸ ಮಾಡಿದ್ದನ್ನು ಅವಳ ಮಾವ ಒಂದೇ ಊಟದಲ್ಲಿ ಸಾಧಿಸಿದ್ದ. ಆಳಂದ ಪ್ರತಿಯೊಂದಕ್ಕೂ ‘ಹೂಂ’, ‘ಉಹೂಂ’ ಅನ್ನುತ್ತಾ ರೊಟ್ಟಿ ಮುರಿಯುತ್ತಿದ್ದ. ಅವನ ಕಿವಿ ಕೆಂಪಾಗುತ್ತಿದ್ದುದು ನನಗೆ ಕಾಣುತ್ತಿತ್ತು.

ನಾಲ್ಕನೆಯ ಸಲ ‘ಭಜ್ಜಿ ಬೇಕಾ?’ ಬಂದಾಗ ಆಳಂದ ರೊಟ್ಟಿ ಕೆಳಗಿಟ್ಟ. ಹೆಂಗಸರು, ಮಕ್ಕಳು, ಮೈದುನ, ಪಕ್ಕದ ಹೊಲದವರು, ಎಲ್ಲ ಮೂರನೆಯವರ ಎದುರು, ಒಪ್ಪಂದವನ್ನು ಗಾಳಿಗೆ ತೂರಿ, ‘ಲೇ ಅಫಜಲಪುರ, ಯಾರಿಗಿ ಬೇಕಾ? ಭಜ್ಜಿಗಿ ಬೇಕಾ, ರೊಟ್ಟಿಗಿ ಬೇಕಾ? ನಂಗ ಕೇಳಾದಿದ್ರ ನಿಂಗ ಬೇಕೇನಲೇ ಅಂತ ಕೇಳು. ಇಲ್ಲಂದ್ರ ಪಾತ್ರಿ ಇತ್ಲಾಗಿ ಕೊಡು’ ಎಂದು ಅಬ್ಬರಿಸಿದ. ಮೈದುನ ಕೆಮ್ಮಿದ. ಈ ಸಲ ಯಾರೂ ಅವನ ಕಡೆ ನೋಡಲಿಲ್ಲ.

ಅಫಜಲಪುರ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೈಯಲ್ಲಿದ್ದ ಭಜ್ಜಿಯ ಪಾತ್ರೆಯನ್ನು ಮುಂದೆ ಸರಿಸಿ, ‘ಬೀಗರು ಹಿಂಗ ಮಂದ್ಯಾಗ ಲೇ ಅಂದ್ರ ಹ್ಯಾಂಗ್ರಿ? ನಾಳಿ ನಮ್ಮನ್ನ ಯಾರು ಮಾತಾಡಸ್ತಾರ್ರಿ?’ ಅಂದ. ಮುಖದಲ್ಲಿ ನಗುವಿಲ್ಲ. ‘ರೀ’ ಮಾತ್ರ ಎರಡು ಸಲ ಬಂದಿತ್ತು, ಅದೂ ಸ್ವಲ್ಪ ಎಳೆದುಕೊಂಡು. ಹೆಂಗಸರು ನಕ್ಕರು. ಆಳಂದ ನಗಲಿಲ್ಲ, ಆದರೆ ಮತ್ತೆ ರೊಟ್ಟಿ ಕೈಗೆತ್ತಿಕೊಂಡ.

ಆ ‘ರೀ’ ಯಾವ ಕಡೆಯದು ಎಂದು ನನಗೆ ತಿಳಿಯಲಿಲ್ಲ. ಸಿಟ್ಟಿನದೇ, ಬೀಗತನದ್ದೇ, ಹಾಸ್ಟೆಲಿನ ಕುಚೋದ್ಯದ್ದೇ? ಬ್ರೌನ್ ಮತ್ತು ಗಿಲ್ಮನ್ ಇದಕ್ಕೆ ಏನೂ ಸಹಾಯ ಮಾಡುವುದಿಲ್ಲ. ಅತಿಥಿಗಳನ್ನು ಬಸ್ ಹತ್ತಿಸಿ ವಾಪಸು ಬರುವಾಗ ಹೆಂಡತಿಯನ್ನು ಕೇಳಿದೆ, ‘ಅವರಿಬ್ಬರ ನಡುವ ಈಗ ಸರಿ ಆತೋ ಇಲ್ಲೋ? ಅವ ಕಡೀತನಕಾ ರೀ ಅಂತಾನೇ ಹೋದ.’

‘ಮಾತೇನು ಕೇಳ್ತೀರಿ’ ಅಂದಳು. ‘ಹೇಳದೆ ಕೇಳದೆ ಅವರ ತಾಟಿನ್ಯಾಗಿನ ಕಡಬು ಎತ್ಗೊಂಡು ತಿಂದ್ರಲ್ಲ, ನೋಡ್ಲಿಲ್ಲೇನ್ರಿ?’